200 ಕೆಬಿ ಒಳಗೆ ಒಂದು ಅಂಕಪಟ್ಟಿ: ಮಲೆನಾಡಿನ ನಿಧಾನ ನೆಟ್‌ವರ್ಕಿಗೆ ತಕ್ಕಂತೆ ಫೋನಿನಲ್ಲೇ ಸ್ಕ್ಯಾನ್ ಮಾಡುವ ಬಗೆ

ಜೂನ್, ಜುಲೈ ಬಂದರೆ ನಮ್ಮ ಕಡೆ ಮಳೆಯೂ ಅರ್ಜಿಗಳೂ ಒಟ್ಟಿಗೇ ಶುರು. ಕಾಲೇಜು ಸೇರುವುದು, ವಿದ್ಯಾರ್ಥಿವೇತನ, ಹಾಸ್ಟೆಲ್, ಎಲ್ಲಕ್ಕೂ ಅಂಕಪಟ್ಟಿ ಮತ್ತು ಆದಾಯ ಪ್ರಮಾಣ ಪತ್ರ ಅಪ್‌ಲೋಡ್ ಮಾಡಬೇಕು. ಹೊರಗೆ ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ, ಟವರಿನ ಬ್ಯಾಟರಿ ಯಾವಾಗ ಖಾಲಿಯಾಗುತ್ತದೋ ಗೊತ್ತಿಲ್ಲ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯ ಸೈಬರ್ ಸೆಂಟರಿಗೆ ಹೋಗಿಬರಲು ಒಂದು ದಿನವೇ ಬೇಕು. ಮನೆಯಲ್ಲೇ, ಕೈಯಲ್ಲಿರುವ ಫೋನಿನಲ್ಲೇ ಈ ಕೆಲಸ ಚೆನ್ನಾಗಿ ಆಗುತ್ತದೆ.

ಉದಾಹರಣೆಗೆ ಒಂದೇ ಕೆಲಸ ತೆಗೆದುಕೊಳ್ಳೋಣ. ಲ್ಯಾಮಿನೇಷನ್ ಮಾಡಿಸಿದ ಒಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದೆ. ಅರ್ಜಿಯಲ್ಲಿ ಅದನ್ನು 200 ಕೆಬಿ ಒಳಗಿನ ಜೆಪಿಜಿ ಫೈಲಾಗಿ ಕೇಳಿದ್ದಾರೆ. ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ಲಿನದು. ಸುಮ್ನೆ ಫೋಟೋ ಹೊಡೆದರೆ ಫೈಲು 4 ಎಂಬಿ ದಾಟುತ್ತದೆ.

ಮೊದಲು ಒಂದು ಲೆಕ್ಕ ನೋಡಿ. ನಿಮ್ಮ ಜಾಗದಲ್ಲಿ ಅಪ್‌ಲೋಡ್ ವೇಗ ಸೆಕೆಂಡಿಗೆ 128 ಕಿಲೋಬಿಟ್ ಅಂದುಕೊಳ್ಳಿ. ಒಂದು ಬೈಟ್ ಎಂದರೆ 8 ಬಿಟ್. ಹಾಗಾಗಿ 4.2 ಎಂಬಿ ಫೈಲು ಹೋಗಲು ನಾಲ್ಕು ನಿಮಿಷದ ಮೇಲೇ ಬೇಕು, ಅದೂ ನಡುವೆ ಒಮ್ಮೆಯೂ ಸಂಪರ್ಕ ಕಡಿಯದಿದ್ದರೆ. ಸಾಮಾನ್ಯ ಅರ್ಜಿ ಪುಟಗಳಲ್ಲಿ ಅರ್ಧ ಹೋದ ಫೈಲು ಅಲ್ಲಿಂದಲೇ ಮುಂದುವರಿಯುವುದಿಲ್ಲ. ಸಂಪರ್ಕ ಕಡಿದರೆ ಮತ್ತೆ ಸೊನ್ನೆಯಿಂದ ಶುರು. ಅಷ್ಟರಲ್ಲಿ ಲಾಗಿನ್ ಅವಧಿಯೂ ಮುಗಿದಿರಬಹುದು. ಅದೇ ಅಂಕಪಟ್ಟಿ 190 ಕೆಬಿ ಆಗಿದ್ದರೆ ಹನ್ನೆರಡು ಸೆಕೆಂಡು ಸಾಕು. ಮಿತಿ ಹಾಕದ ಅರ್ಜಿಗೂ ಫೈಲನ್ನು ಚಿಕ್ಕದು ಮಾಡಿಯೇ ಕಳಿಸಿ ಎಂದು ನಾನು ಹೇಳುವುದು ಇದಕ್ಕೇ.

ಬೆಳಕು ಸರಿಯಿದ್ದರೆ ಫೈಲೂ ಚಿಕ್ಕದಾಗುತ್ತದೆ

ಫೋಟೋ ಹೇಗಾದರೂ ಇರಲಿ, ಆಮೇಲೆ ಕುಗ್ಗಿಸಿದರಾಯಿತು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಜೆಪಿಜಿ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಒಡೆದು ಬರೆದುಕೊಳ್ಳುತ್ತದೆ. ಒಂದು ಚೌಕದೊಳಗೆ ಬರೀ ಬಿಳಿ ಇದ್ದರೆ ಅದಕ್ಕೆ ಜಾಗವೇ ಬೇಡ ಅನ್ನಬಹುದು. ಕತ್ತಲೆಯಲ್ಲಿ ತೆಗೆದ ಫೋಟೋದಲ್ಲಿ ಬಿಳಿ ಕಾಗದದ ಮೇಲೂ ಮರಳು ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳು ತುಂಬಿರುತ್ತವೆ. ಆ ಚುಕ್ಕೆಗಳು ಕಸ ಅನ್ನುವುದು ಜೆಪಿಜಿಗೆ ತಿಳಿಯುವುದಿಲ್ಲ. ಅಕ್ಷರಗಳ ಹಾಗೇ ಅವನ್ನೂ ಉಳಿಸಿಕೊಳ್ಳಲು ನೋಡುತ್ತದೆ. ಅದಕ್ಕೇ ಮಬ್ಬು ಫೋಟೋದ ಫೈಲು ದೊಡ್ಡದೂ ಆಗುತ್ತದೆ, ಓದಲು ಕಷ್ಟವೂ ಆಗುತ್ತದೆ. 200 ಕೆಬಿಯಲ್ಲಿ ಬಹುಪಾಲು ಈ ಚುಕ್ಕೆಗಳಿಗೇ ಹೋದರೆ ಅಕ್ಷರಕ್ಕೆ ಏನು ಉಳಿಯುತ್ತದೆ?

ಮಲೆನಾಡಿನ ಹಂಚಿನ ಮನೆಯೊಳಗೆ ಮಳೆಗಾಲದ ಹಗಲೂ ಕತ್ತಲೆಯೇ. ಆದರೆ ಅದೇ ಮನೆಯ ಜಗುಲಿ ಇದಕ್ಕೆ ಹೇಳಿಮಾಡಿಸಿದ ಜಾಗ. ಮೋಡದ ದಿನ ಅಂಗಳದ ಕಡೆಯಿಂದ ಬರುವ ಬೆಳಕು ಮೆತ್ತಗಿರುತ್ತದೆ, ಗಟ್ಟಿ ನೆರಳು ಬೀಳುವುದಿಲ್ಲ. ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲಿನ ಕೆಳಗೆ ಮಾತ್ರ ಇಡಬೇಡಿ. ಕಾಗದದ ಒಂದು ಭಾಗ ಸುಟ್ಟ ಹಾಗೆ ಬಿಳಿಚಿಕೊಂಡು, ಉಳಿದದ್ದು ಕಪ್ಪಾಗುತ್ತದೆ.

ಲ್ಯಾಮಿನೇಷನ್ ಇರುವ ಅಂಕಪಟ್ಟಿಗೆ ಜಗುಲಿಯಿಂದ ಇನ್ನೊಂದು ಅನುಕೂಲ ಇದೆ. ಹೊಳೆಯುವ ಪ್ಲಾಸ್ಟಿಕ್ಕು ಕನ್ನಡಿಯ ಕೆಲಸ ಮಾಡುತ್ತದೆ. ನೇರ ಮೇಲಿಂದ ಫೋಟೋ ತೆಗೆದಾಗ ಅದರಲ್ಲಿ ಕಾಣುವುದು ಮೇಲೆ ಏನಿದೆಯೋ ಅದು. ತೆರೆದ ಅಂಗಳದಲ್ಲಾದರೆ ಮೇಲಿರುವುದು ಬಿಳಿ ಆಕಾಶ. ಅಂಕಪಟ್ಟಿಯ ಮೇಲೆಲ್ಲ ಹಾಲಿನಂಥ ಪರದೆ ಬೀಳುತ್ತದೆ. ಜಗುಲಿಯಲ್ಲಿ ಮೇಲಿರುವುದು ಕಪ್ಪು ಮಾಡು, ಬೆಳಕು ಬರುವುದು ಪಕ್ಕದಿಂದ. ಹೊಳಪು ಕಾಣುವುದೇ ಇಲ್ಲ. ಎಲ್ಲಾದರೂ ಚೂರು ಹೊಳೆದರೆ ಫೋನನ್ನು ಓರೆ ಮಾಡುವ ಬದಲು ಅಂಕಪಟ್ಟಿಯನ್ನೇ ಗೋಡೆಯ ಕಡೆ ಒಂದಡಿ ಸರಿಸಿ. ಫ್ಲ್ಯಾಶ್ ಯಾವ ಕಾರಣಕ್ಕೂ ಬೇಡ. ನಡುಮಧ್ಯೆ ಒಂದು ಬಿಳಿ ಗುಂಡು ಬಿದ್ದು, ಅದರ ಅಡಿ ಇದ್ದ ಅಂಕಗಳು ಮಾಯವಾಗುತ್ತವೆ.

ಫೋಟೋ ತೆಗೆಯುವುದು

ಮೊದಲು ಕ್ಯಾಮೆರಾದ ಗಾಜು ಒರೆಸಿ. ಮಳೆಯಲ್ಲಿ ಜೇಬಿನಿಂದ ತೆಗೆದ ಫೋನಿನ ಲೆನ್ಸ್ ಮೇಲೆ ತೆಳುವಾಗಿ ಹಬೆ ಕೂತಿರುತ್ತದೆ. ಪರದೆಯಲ್ಲಿ ನೋಡುವಾಗ ಅದು ಗೊತ್ತಾಗುವುದಿಲ್ಲ, ಅಕ್ಷರದ ಅಂಚುಗಳು ಮಾತ್ರ ಮಬ್ಬಾಗುತ್ತವೆ. ಒಣ ಹತ್ತಿ ಬಟ್ಟೆ ಸಾಕು.

ಅಂಕಪಟ್ಟಿಯನ್ನು ಕಾವಿ ನೆಲದ ಮೇಲೋ, ಕಡು ಬಣ್ಣದ ಬೆಡ್‌ಶೀಟಿನ ಮೇಲೋ ಇಡಿ. ಬಿಳಿ ಕಾಗದದ ಅಂಚು ಎಲ್ಲಿ ಮುಗಿಯುತ್ತದೆ ಅಂತ ಸ್ಕ್ಯಾನ್ ಆ್ಯಪ್ ಕಂಡುಹಿಡಿಯುವುದು ಬಣ್ಣದ ವ್ಯತ್ಯಾಸ ನೋಡಿ. ಬಿಳಿ ಟೈಲ್ಸ್ ಮೇಲೆ ಇಟ್ಟರೆ ಅದಕ್ಕೆ ದಾರಿ ತಪ್ಪುತ್ತದೆ. ಲ್ಯಾಮಿನೇಷನ್ ಇಲ್ಲದ ಕಾಗದವಾದರೆ ಮಳೆಗಾಲದಲ್ಲಿ ಥಂಡಿ ಹಿಡಿದು ಸುರುಳಿ ಸುತ್ತಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಎರಡು ಒಣ ಪೇಪರಿನ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಇಡಿ. ಬೇಗ ಆಗಲಿ ಅಂತ ಒಲೆ ಹತ್ತಿರ ಹಿಡಿಯಬೇಡಿ. ಹಳೆಯ ಕಾಗದ ಇನ್ನಷ್ಟು ಸೊಟ್ಟಗಾಗುತ್ತದೆ.

ಈಗ ಎತ್ತರ. ಪರದೆ ತುಂಬ ಕಾಗದವೇ ಕಾಣಲಿ ಅಂತ ಫೋನನ್ನು ತೀರಾ ಹತ್ತಿರ ಹಿಡಿಯುವುದು ಬೇಡ. ಹತ್ತಿರ ಹೋದಷ್ಟೂ ಫೋನಿನ ನೆರಳು ಬೀಳುತ್ತದೆ, ಅಂಚಿನ ಸಾಲುಗಳು ಬಾಗುತ್ತವೆ. 12 ಮೆಗಾಪಿಕ್ಸೆಲ್ ಫೋಟೋದ ಉದ್ದ ಸಾಮಾನ್ಯವಾಗಿ 4000 ಪಿಕ್ಸೆಲ್, ಅಗಲ 3000. ಎ4 ಅಳತೆಯ ಕಾಗದ ಆ ಉದ್ದದಲ್ಲಿ ಬರೀ ನೂರಕ್ಕೆ ಅರವತ್ತು ಭಾಗ ತುಂಬಿದರೂ 2400 ಪಿಕ್ಸೆಲ್ ಸಿಕ್ಕಿತು. ಕಾಗದದ ಉದ್ದ 11.7 ಇಂಚು. ಅಂದರೆ ಇಂಚಿಗೆ 200 ಪಿಕ್ಸೆಲ್ಲಿನ ಮೇಲೇ ಆಯಿತು. ನಮಗೆ ಕೊನೆಗೆ ಬೇಕಾಗುವುದು 150 ಮಾತ್ರ. ಹಾಗಾಗಿ ಒಂದೂಕಾಲು ಒಂದೂವರೆ ಅಡಿ ಮೇಲಿಂದ, ನಾಲ್ಕೂ ಅಂಚಿನ ಸುತ್ತ ನೆಲ ಕಾಣುವ ಹಾಗೆ ಆರಾಮಾಗಿ ತೆಗೆಯಿರಿ.

ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಬಟನ್ ಒತ್ತುವ ಬೆರಳಿನ ಅಲುಗಾಟವೇ ಅಷ್ಟರಲ್ಲಿ ಫೋಟೋ ಕೆಡಿಸಿಬಿಡುತ್ತದೆ. ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮೂರು ಸೆಕೆಂಡಿನ ಟೈಮರ್ ಹಾಕಿ. ಪರದೆಯಲ್ಲಿ ರಿಜಿಸ್ಟರ್ ನಂಬರಿನ ಮೇಲೆ ಒಮ್ಮೆ ಮುಟ್ಟಿದರೆ ಫೋಕಸ್ ಅಲ್ಲಿ ಕೂರುತ್ತದೆ. ತೆಗೆದ ಮೇಲೆ ಅಲ್ಲೇ ಝೂಮ್ ಮಾಡಿ ನಾಲ್ಕು ಮೂಲೆಯನ್ನೂ ನೋಡಿ. ನಡುವೆ ಸ್ಪಷ್ಟವಾಗಿದ್ದು ಮೂಲೆ ಮಬ್ಬಾಗಿದ್ದರೆ ಫೋನು ಓರೆಯಾಗಿತ್ತು ಎಂದರ್ಥ.

ಆಂಡ್ರಾಯ್ಡ್ ಫೋನಿನಲ್ಲಿ Files by Google ಆ್ಯಪ್‌ನಲ್ಲೂ Google Drive ಆ್ಯಪ್‌ನಲ್ಲೂ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ. ಐಫೋನಿನಲ್ಲಿ Notes ಒಳಗೇ ಇದೆ. ಅಂಚು ಕತ್ತರಿಸುವುದು, ಓರೆ ತಿದ್ದುವುದು ಅವುಗಳದೇ ಕೆಲಸ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಾನು Files ಅನ್ನೇ ಹೇಳುತ್ತೇನೆ. ಅದು ಫೈಲನ್ನು ಫೋನಿನಲ್ಲೇ ಉಳಿಸುತ್ತದೆ, Drive ಆದರೆ ಮೇಲಕ್ಕೆ ಕಳಿಸಲು ಹೊರಡುತ್ತದೆ. ಆದರೆ ಇವು ಸಾಮಾನ್ಯವಾಗಿ ಪಿಡಿಎಫ್ ಕೊಡುತ್ತವೆ. ಅರ್ಜಿಯಲ್ಲಿ ಜೆಪಿಜಿ ಕೇಳಿದ್ದರೆ ಮಾಮೂಲಿ ಕ್ಯಾಮೆರಾದಲ್ಲೇ ತೆಗೆದು, ಗ್ಯಾಲರಿಯಲ್ಲಿ ಕ್ರಾಪ್ ಮಾಡುವುದು ಸುಲಭ. ನಮ್ಮ ಅಂಕಪಟ್ಟಿಗೆ ಅದೇ ಸಾಕು.

ಫಿಲ್ಟರ್ ವಿಷಯದಲ್ಲಿ ಜಾಗ್ರತೆ. ಸ್ಕ್ಯಾನ್ ಆ್ಯಪ್‌ನ ಕಪ್ಪು-ಬಿಳುಪು ಫಿಲ್ಟರ್ ಬರೀ ಅಕ್ಷರ ಇರುವ ಬಿಳಿ ಹಾಳೆಗೆ ಒಳ್ಳೆಯದು. ಅಂಕಪಟ್ಟಿಯ ಹಿನ್ನೆಲೆಯಲ್ಲಿ ತಿಳಿ ಬಣ್ಣದ ಚಿತ್ತಾರ ಇರುತ್ತದೆ. ಫಿಲ್ಟರ್ ಅದನ್ನು ಕಪ್ಪು ಕಲೆಗಳಾಗಿ ಎಬ್ಬಿಸುತ್ತದೆ. ತಿಳಿ ನೇರಳೆ ಬಣ್ಣದ ಸೀಲು, ಮಾಸಿದ ಸಹಿ ಇದ್ದರೆ ಅವು ಪೂರ್ತಿ ಅಳಿಸಿಯೇ ಹೋಗಬಹುದು. ಸೀಲು ಕಾಣುವುದಿಲ್ಲ ಅಂತ ಅರ್ಜಿ ವಾಪಸ್ ಬರುವುದು ಹೀಗೆ.

ಕುಗ್ಗಿಸುವುದು: ಮೊದಲು ಅಳತೆ, ಆಮೇಲೆ ಗುಣಮಟ್ಟ

'200 ಕೆಬಿಗೆ ಇಳಿಸಿ' ಅಂತ ಹುಡುಕಿದರೆ ಹತ್ತಾರು ವೆಬ್‌ಸೈಟ್ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಮೊದಲು ನಿಮ್ಮ 4 ಎಂಬಿ ಫೋಟೋವನ್ನು ತಮ್ಮ ಸರ್ವರಿಗೆ ಏರಿಸಿಕೊಳ್ಳುತ್ತವೆ. ಯಾವ ಕಷ್ಟದಿಂದ ತಪ್ಪಿಸಿಕೊಳ್ಳಲು ಹೊರಟೆವೋ ಅದನ್ನೇ ಮೊದಲು ಮಾಡಿದ ಹಾಗಾಯಿತು, ಅಲ್ವಾ? ಮೇಲಾಗಿ ಮಗುವಿನ ಹೆಸರು, ಹುಟ್ಟಿದ ದಿನ, ಆಧಾರ್ ಇರುವ ಕಾಗದ ಯಾರದೋ ಕಂಪ್ಯೂಟರಿನಲ್ಲಿ ಕೂರುತ್ತದೆ. ಕುಗ್ಗಿಸುವ ಕೆಲಸ ಫೋನಿನೊಳಗೇ ಆಗಬೇಕು.

ಇದಕ್ಕೆ squoosh.app ಒಳ್ಳೆಯದು. ಬ್ರೌಸರಿನಲ್ಲಿ ತೆರೆಯುವ ಪುಟವಾದರೂ ಚಿತ್ರ ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ನೆಟ್‌ವರ್ಕ್ ಇರುವಾಗ ಒಮ್ಮೆ ಪೂರ್ತಿ ತೆರೆದಿಟ್ಟರೆ, ಆಮೇಲೆ ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಹಳೆಯ ಫೋನಿನಲ್ಲಿ ದೊಡ್ಡ ಚಿತ್ರ ಕೊಟ್ಟರೆ ತಡವರಿಸಬಹುದು. ಅದಕ್ಕೇ ಮೊದಲು ಗ್ಯಾಲರಿಯಲ್ಲಿ ಕ್ರಾಪ್ ಮಾಡಿ, ನೆಲವನ್ನೆಲ್ಲ ಕತ್ತರಿಸಿ ಕೊಡಿ.

ಚಿತ್ರ ತೆರೆದ ಮೇಲೆ Resize ಆನ್ ಮಾಡಿ. ಅಗಲ 1240 ಎಂದು ಹಾಕಿ. ಎತ್ತರ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ, ಎ4 ಆದರೆ 1754ರ ಹತ್ತಿರ. ಇದೇ ಇಂಚಿಗೆ 150 ಪಿಕ್ಸೆಲ್. ಫೈಲಿನ ಭಾರ ಇಳಿಯುವುದು ಹೆಚ್ಚಾಗಿ ಈ ಒಂದು ಹೆಜ್ಜೆಯಿಂದಲೇ, ಯಾಕೆಂದರೆ ಅಗಲ ಮತ್ತು ಎತ್ತರ ಎರಡೂ ಅರ್ಧವಾದರೆ ಪಿಕ್ಸೆಲ್ ಕಾಲು ಭಾಗ ಆಗುತ್ತದೆ. ಆಮೇಲೆ ಕೆಳಗೆ MozJPEG ಆರಿಸಿ, Quality ಅನ್ನು 75ರಲ್ಲಿಡಿ. ಅಲ್ಲೇ ಫೈಲಿನ ಹೊಸ ಗಾತ್ರ ಕಾಣುತ್ತದೆ.

ನಮ್ಮ ಅಂಕಪಟ್ಟಿಯಂಥ ಚಿತ್ತಾರದ ಹಾಳೆ ಇಷ್ಟು ಮಾಡಿದ ಮೇಲೆ ಸುಮಾರು 280 ಕೆಬಿಗೆ ಬಂದು ನಿಂತಿತು ಅಂದುಕೊಳ್ಳೋಣ. ಇನ್ನೂ ನೂರರಷ್ಟು ಇಳಿಸಬೇಕು. Quality 60ಕ್ಕೆ ತಂದರೆ ಸುಮಾರು 215 ಆದೀತು. ಬಣ್ಣ ಬೇಕೇಬೇಕು ಅಂತ ಅರ್ಜಿಯಲ್ಲಿ ಹೇಳಿಲ್ಲದಿದ್ದರೆ Advanced settings ತೆರೆದು Channels ಎಂಬಲ್ಲಿ Grayscale ಮಾಡಿ. ಬೂದು ಬಣ್ಣ ಮಾಡಿದರೆ ಫೈಲು ಅರ್ಧಕ್ಕಿಳಿಯುತ್ತದೆ ಎಂಬ ನಂಬಿಕೆ ಇದೆ. ಅಷ್ಟೇನೂ ಇಳಿಯುವುದಿಲ್ಲ, ಯಾಕೆಂದರೆ ಜೆಪಿಜಿ ಬಣ್ಣದ ವಿವರವನ್ನು ಮೊದಲೇ ಕಡಿಮೆ ಮಾಡಿ ಇಟ್ಟಿರುತ್ತದೆ. ಆದರೂ ನಮಗೆ ಬೇಕಾದ ಕೊನೆಯ ಕೆಲವು ಕೆಬಿ ಸಿಗುತ್ತದೆ, 185ರ ಹತ್ತಿರ ಬಂತು. ನಿಮ್ಮ ಹಾಳೆಯಲ್ಲಿ ಈ ಅಂಕಿಗಳು ಬೇರೆ ಇರುತ್ತವೆ, ಕ್ರಮ ಮಾತ್ರ ಇದೇ.

ಇನ್ನೂ ಇಳಿಯದಿದ್ದರೆ Quality ಯನ್ನು 30, 20ಕ್ಕೆ ಎಳೆಯುವುದಕ್ಕಿಂತ ಅಗಲವನ್ನು 1100ಕ್ಕೆ ತನ್ನಿ. ಗುಣಮಟ್ಟ ತೀರಾ ಇಳಿಸಿದರೆ ಅಕ್ಷರಗಳ ಸುತ್ತ ಮಸಿ ಕದಡಿದ ಹಾಗೆ ಬೂದು ಹರಡುತ್ತದೆ. ಸ್ವಲ್ಪ ಚಿಕ್ಕದಾದರೂ ಶುದ್ಧವಾಗಿರುವ ಅಕ್ಷರ ಓದಲು ವಾಸಿ.

ಗುರಿ 200 ಇದ್ದರೆ 180, 190ರಲ್ಲಿ ನಿಲ್ಲಿಸಿ. ಕೆಲವು ಕಡೆ ಒಂದು ಕೆಬಿ ಎಂದರೆ 1000 ಬೈಟ್, ಕೆಲವು ಕಡೆ 1024. ಫೋನಿನಲ್ಲಿ 199 ಎಂದು ಕಂಡ ಫೈಲು ಅತ್ತ ಕಡೆ ಲೆಕ್ಕದಲ್ಲಿ ಮಿತಿ ದಾಟಿರಬಹುದು. ಹಾಗೆಯೇ ಕನಿಷ್ಠ ಗಾತ್ರ ಕೇಳುವ ಅರ್ಜಿಗಳೂ ಇವೆ, ಓದಿ ನೋಡಿ.

ಕನ್ನಡ ಅಕ್ಷರಕ್ಕೆ ಬೇರೆಯದೇ ಪರೀಕ್ಷೆ

ಇಂಗ್ಲಿಷ್ ಹಾಳೆ ಇಂಚಿಗೆ 100 ಪಿಕ್ಸೆಲ್ಲಿನಲ್ಲೂ ಓದಲು ಬರುತ್ತದೆ. ಕನ್ನಡಕ್ಕೆ ಅದು ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಕೂರುತ್ತವೆ. ಎಂಟು ಪಾಯಿಂಟಿನ ಸಣ್ಣ ಅಚ್ಚಿನಲ್ಲಿ ಒಂದು ಸಾಲಿಗೆ ಇಂಚಿಗೆ 150ರ ಲೆಕ್ಕದಲ್ಲಿ ಸಿಗುವುದೇ ಸುಮಾರು 17 ಪಿಕ್ಸೆಲ್ ಎತ್ತರ. ಅದರಲ್ಲಿ ಒತ್ತಿಗೆ ಏಳೆಂಟು ಉಳಿದರೆ ಹೆಚ್ಚು. ಮೊದಲು ಕೆಡುವುದು ಮಹಾಪ್ರಾಣದ ಸೀಳು. 'ಧ' ಅಕ್ಷರದ ಕೆಳಗಿನ ಸಣ್ಣ ಗೆರೆ ಹೋದರೆ ಅದು 'ದ' ಆಗಿ ಕಾಣುತ್ತದೆ. 'ಭ' ಹೋಗಿ 'ಬ' ಆಗುತ್ತದೆ. ಅಂಕಪಟ್ಟಿಯಲ್ಲಿ 'ಸುಧಾ' ಇದ್ದದ್ದು ಅಪ್‌ಲೋಡ್ ಆದ ಪ್ರತಿಯಲ್ಲಿ 'ಸುದಾ' ಎಂದು ಕಂಡರೆ, ಆಧಾರಿನ ಜೊತೆ ಹೆಸರು ತಾಳೆಯಾಗುವುದಿಲ್ಲ ಅಂತ ತಕರಾರು ಬರಬಹುದು. ಅಂಕಿಗಳಲ್ಲಿ 3 ಮತ್ತು 8, 6 ಮತ್ತು 0 ಒಂದೇ ಆಗುವ ಅಪಾಯ.

ಹಾಗಾಗಿ ಡೌನ್‌ಲೋಡ್ ಮಾಡಿಕೊಂಡ ಚಿಕ್ಕ ಫೈಲನ್ನು ತೆರೆದು ಮೂರು ಕಡೆ ನೋಡಿ: ಹೆಸರಿನ ಒತ್ತು ಮತ್ತು ಸೀಳು, ರಿಜಿಸ್ಟರ್ ನಂಬರ್, ಸೀಲಿನೊಳಗಿನ ಅಕ್ಷರ. ಸಾಧ್ಯವಾದರೆ ಅಂಕಪಟ್ಟಿಯನ್ನು ನೋಡದೇ ಇರುವ ಇನ್ನೊಬ್ಬರ ಕೈಗೆ ಫೋನು ಕೊಟ್ಟು "ಈ ನಂಬರ್ ಓದಿ ಹೇಳು ಮಾರಾಯ್ತಿ" ಅನ್ನಿ. ನಮಗೆ ನಂಬರ್ ಮೊದಲೇ ಗೊತ್ತಿರುವುದರಿಂದ ಮಬ್ಬಾಗಿದ್ದರೂ ನಮ್ಮ ಕಣ್ಣು ಸರಿಯಾಗಿಯೇ ಓದಿಬಿಡುತ್ತದೆ.

ತಪ್ಪು ಕಂಡರೆ ಚಿಕ್ಕ ಫೈಲನ್ನೇ ತಿದ್ದಲು ಹೋಗಬೇಡಿ. ಜೆಪಿಜಿಯನ್ನು ಪ್ರತಿ ಸಲ ಹೊಸದಾಗಿ ಉಳಿಸಿದಾಗಲೂ ಒಂದಿಷ್ಟು ವಿವರ ಕಳೆಯುತ್ತದೆ, ಕಳೆದದ್ದು ಮತ್ತೆ ಬರುವುದಿಲ್ಲ. ಮೂಲ ಫೋಟೋದಿಂದ ಮತ್ತೆ ಶುರು ಮಾಡಿ. ಇದೇ ಕಾರಣಕ್ಕೆ ಅಂಕಪಟ್ಟಿಯ ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ತರಿಸಿಕೊಳ್ಳಬೇಡಿ. ಅದು ದಾರಿಯಲ್ಲೇ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಲವು ಪುಟಗಳ ಕಾಗದ

ಕ್ರಯಪತ್ರದಂಥ ನಾಲ್ಕೈದು ಪುಟಗಳನ್ನು ಒಂದೇ ಪಿಡಿಎಫ್ ಮಾಡುವಾಗ ಪ್ರತಿ ಪುಟವನ್ನು ಮೇಲಿನ ಹಾಗೆ ಮೊದಲೇ ಕುಗ್ಗಿಸಿ, ಆಮೇಲೆ ಸೇರಿಸಿ. ಪಿಡಿಎಫ್ ತನ್ನದಾಗಿ ಸೇರಿಸುವ ಭಾರ ಅತ್ಯಲ್ಪ. ಒಂದು ಎಂಬಿ ಮಿತಿಗೆ ನಾಲ್ಕು ಪುಟ ಇದ್ದರೆ ಪುಟಕ್ಕೆ 250 ಕೆಬಿ ಆಯಿತು, ಸ್ವಲ್ಪ ಜಾಗ ಬಿಟ್ಟು 220 ಇಟ್ಟುಕೊಳ್ಳಿ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದು ImageMagick ಮತ್ತು img2pdf ಎಂಬ ಪ್ರೋಗ್ರಾಂಗಳನ್ನು ಹಾಕಿಕೊಂಡಿದ್ದರೆ ಕೆಲಸ ಇನ್ನೂ ಸಲೀಸು:

```
magick a1.jpg -auto-orient -resize 1240x1754 -colorspace Gray -strip -define jpeg:extent=220kb p1.jpg
img2pdf p1.jpg p2.jpg p3.jpg p4.jpg -o kraya.pdf
```

ಮೊದಲ ಸಾಲನ್ನು ಪ್ರತಿ ಪುಟಕ್ಕೂ ಹೆಸರು ಬದಲಿಸಿ ಓಡಿಸಬೇಕು. ಗಾತ್ರದ ಮಿತಿಗೆ ತಕ್ಕ ಗುಣಮಟ್ಟವನ್ನು ಅದೇ ಹುಡುಕಿಕೊಳ್ಳುತ್ತದೆ. img2pdf ಚಿತ್ರಗಳನ್ನು ಮತ್ತೆ ಕುಗ್ಗಿಸದೆ ಇದ್ದ ಹಾಗೇ ಜೋಡಿಸುತ್ತದೆ. -auto-orient ಬಿಡಬೇಡಿ. ಫೋನು ಹಲವು ಸಲ ಚಿತ್ರವನ್ನು ಅಡ್ಡಡ್ಡವಾಗಿಯೇ ಉಳಿಸಿ, 'ಇದನ್ನು ತಿರುಗಿಸಿ ತೋರಿಸಬೇಕು' ಎಂಬ ಟಿಪ್ಪಣಿ ಮಾತ್ರ ಬರೆದಿಟ್ಟಿರುತ್ತದೆ. ಫೋನಿನಲ್ಲಿ ನೆಟ್ಟಗೆ ಕಂಡ ಕಾಗದ ಅರ್ಜಿಯಲ್ಲಿ ಮಗುಚಿ ಬೀಳುವುದಕ್ಕೆ ಅದೇ ಕಾರಣ.

ಕಳಿಸುವುದು

ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ: sslc_marks.jpg ಅಂದರೆ ಸಾಕು. ಐಫೋನಿನವರು ಫೋಟೋ ತೆಗೆಯುವ ಮೊದಲೇ ಕ್ಯಾಮೆರಾ ಸೆಟ್ಟಿಂಗಿನಲ್ಲಿ Formats ಅನ್ನು Most Compatible ಮಾಡಿಕೊಳ್ಳಿ. ಇಲ್ಲದಿದ್ದರೆ ಫೈಲು HEIC ಆಗುತ್ತದೆ. ಅದರ ಹೆಸರಿನ ಬಾಲ ಬದಲಿಸಿ .jpg ಅಂತ ಬರೆದರೆ ಒಳಗಿನದೇನೂ ಬದಲಾಗುವುದಿಲ್ಲ.

ಸಿಗ್ನಲ್ ಕಡ್ಡಿ ಮೂರಿದ್ದರೂ ಅಪ್‌ಲೋಡ್ ನಿಲ್ಲುವುದು ಯಾಕೆ ಅಂತ ಕೇಳುತ್ತಾರೆ. ಕಡ್ಡಿ ತೋರಿಸುವುದು ಟವರಿನ ಮಾತು ನಮಗೆ ಎಷ್ಟು ಕೇಳುತ್ತಿದೆ ಅನ್ನುವುದನ್ನು. ಟವರಿನ ಶಕ್ತಿ ದೊಡ್ಡದು, ಫೋನಿನದು ಚಿಕ್ಕದು. ಗುಡ್ಡ, ಮರಗಳ ಆಚೆಗೆ ನಮ್ಮ ದನಿ ಅಲ್ಲಿಗೆ ಮುಟ್ಟಬೇಕಲ್ಲ. ಆದ್ದರಿಂದ ಫೈಲುಗಳನ್ನೆಲ್ಲ ಮನೆಯಲ್ಲೇ ಸಿದ್ಧ ಮಾಡಿಕೊಂಡು, ಕಳಿಸುವುದಕ್ಕೆ ಮಾತ್ರ ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ. ಮಳೆ ಜೋರಿದ್ದರೆ ಎರಡು ಫೋನಿನ ಉಪಾಯ ಇದೆ. ಒಂದನ್ನು ಹಾಟ್‌ಸ್ಪಾಟ್ ಮಾಡಿ ಅಟ್ಟದ ಕಿಟಕಿಯಲ್ಲೋ ಸಿಗ್ನಲ್ ಸಿಗುವ ಮೂಲೆಯಲ್ಲೋ ಇಡಿ, ಇನ್ನೊಂದರಲ್ಲಿ ಕೂತು ಅರ್ಜಿ ತುಂಬಿ.

ಅದಕ್ಕೂ ಮೊದಲು ಫೋಟೋಗಳ ಬ್ಯಾಕಪ್ ನಿಲ್ಲಿಸಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ನೀವು ಆಗಷ್ಟೇ ತೆಗೆದ 4 ಎಂಬಿ ಫೋಟೋಗಳು ನೆಟ್ ಸಿಕ್ಕ ಕೂಡಲೇ ತಾವಾಗಿ Google Photos ಕಡೆ ಹೊರಡಬಹುದು. ನಿಮ್ಮ 185 ಕೆಬಿ ಅವುಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ವಾಟ್ಸಾಪ್ ಬ್ಯಾಕಪ್ಪು, ಆ್ಯಪ್ ಅಪ್‌ಡೇಟುಗಳನ್ನೂ ಹಾಗೇ ತಡೆದಿಡಿ. ಹಾಟ್‌ಸ್ಪಾಟಿಗೆ ಸೇರಿದ ಫೋನು ಅದನ್ನು ವೈಫೈ ಎಂದೇ ತಿಳಿಯುತ್ತದೆ, 'ವೈಫೈ ಇದ್ದಾಗ ಮಾತ್ರ ಬ್ಯಾಕಪ್' ಎಂದು ಇಟ್ಟಿದ್ದರೂ ಶುರು ಮಾಡಿಬಿಡಬಹುದು.

ಅಪ್‌ಲೋಡ್ ಎಷ್ಟಾಯಿತು ಎಂದು ತೋರಿಸುವ ಗೆರೆ ಅರ್ಧಕ್ಕೆ ನಿಂತು ಒಂದು ನಿಮಿಷ ಕಳೆದರೂ ಅಲುಗದಿದ್ದರೆ ಬಟನ್ ಮೇಲಿಂದ ಮೇಲೆ ಒತ್ತಬೇಡಿ. ಏರ್‌ಪ್ಲೇನ್ ಮೋಡ್ ಹತ್ತು ಸೆಕೆಂಡು ಹಾಕಿ ತೆಗೆಯಿರಿ, ಫೋನು ಟವರನ್ನು ಹೊಸದಾಗಿ ಹುಡುಕುತ್ತದೆ. ಪುಟ ಇನ್ನೂ ಲಾಗಿನ್‌ನಲ್ಲಿದೆಯೇ ನೋಡಿಕೊಂಡು ಮತ್ತೆ ಕಳಿಸಿ. ಹೋಯಿತು ಎಂದ ಮೇಲೆ ಕೊನೆಯ ಸಲ್ಲಿಕೆಗೆ ಮುಂಚೆ ಅಪ್‌ಲೋಡ್ ಆದ ಫೈಲನ್ನು ಅಲ್ಲಿಂದಲೇ ತೆರೆದು ನೋಡಿ. ಅಧಿಕಾರಿಗೆ ಕಾಣುವುದು ಆ ಪ್ರತಿ. ನೆಟ್ಟಗಿದೆಯೇ, ಅಂಕಪಟ್ಟಿಯ ಜಾಗದಲ್ಲಿ ಅಂಕಪಟ್ಟಿಯೇ ಇದೆಯೇ, 'ಸುಧಾ' ಅನ್ನುವುದು 'ಸುಧಾ' ಆಗಿಯೇ ಉಳಿದಿದೆಯೇ ಅಂತ ನೋಡಿ, ಆಮೇಲೆ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.